ಪಿನ್ ಒತ್ತುವ ಮುಂಚೆ ಮೇಲೆ ನೋಡಿ: ಶಾಖೆಗಾಗಿ ಒಂದು ಕ್ಯಾಪ್ಶನ್ ಬರೆದ ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿರುವ ನಮ್ಮ ಬ್ಯಾಂಕ್ ಶಾಖೆಯಲ್ಲಿ ಸಾಲದ ಕಡತಗಳ ಜೊತೆಗೆ ಡಿಜಿಟಲ್ ಪಾವತಿಯ ತಿಳಿವಳಿಕೆಯ ಕೆಲಸವೂ ನನ್ನ ಪಾಲಿಗೆ ಬಂದಿದೆ. ಯುಪಿಐ ಮೋಸದ ಕುರಿತ ಸಾಮಾನ್ಯ ಪ್ರಶ್ನೆಗಳಿಗೆ ಉತ್ತರ ಕೊಡುವ, ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ಆರು ಚಿತ್ರಗಳ ಸರಣಿಯೊಂದಕ್ಕೆ ನಾನು ಬರೆದ ಕ್ಯಾಪ್ಶನ್ ಏಳನೆಯ ತಿದ್ದುಪಡಿಯಲ್ಲಿ ಸರಿಯಾಯಿತು. ಚಿತ್ರಗಳನ್ನಾದರೂ ಜನ ನೋಡುತ್ತಾರೆ, ಕೆಳಗಿನ ಬರಹವನ್ನು ಈ ಊರಿನಲ್ಲಿ ಯಾರು ಓದುತ್ತಾರೆ ಎಂದು ಸಹೋದ್ಯೋಗಿಗಳು ಮೊದಲಿನಿಂದಲೂ ಹೇಳುತ್ತಿದ್ದರು. ಅದನ್ನು ಓದಿ ಫೋನ್ ಕೈಗೆತ್ತಿಕೊಂಡು ಹಣ ಉಳಿಸಿಕೊಂಡ ಗ್ರಾಹಕರೊಬ್ಬರು ಶಾಖೆಗೆ ಬಂದು ಹೇಳಿದ ಮೇಲೆ ಆ ಮಾತು ನಿಂತಿದೆ. ಇದೇ ಕೆಲಸದಲ್ಲಿರುವ ಬೇರೆ ಶಾಖೆಗಳವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಕ್ಯಾಪ್ಶನ್ ಮೇಲಿನ ಕಚೇರಿಯಿಂದ ಬಂದ ಇಂಗ್ಲಿಷ್ ಒಕ್ಕಣೆಯ ಅನುವಾದವಾಗಿತ್ತು. 'ತಮ್ಮ ಗೌಪ್ಯ ಮಾಹಿತಿಯನ್ನು ಯಾರೊಂದಿಗೂ ಹಂಚಿಕೊಳ್ಳದಿರಿ' ಎಂಬಂಥ ಸಾಲುಗಳೇ ಅದರಲ್ಲಿ ತುಂಬಿದ್ದವು. ಚಿತ್ರಗಳಿಗೆ ಸುಮಾರು 3,500 ರೂಪಾಯಿ, ಹೆಚ್ಚು ಜನರಿಗೆ ತೋರಿಸಲು ಇನ್ನೊಂದು 2,000 ರೂಪಾಯಿ ಖರ್ಚಾಯಿತು. ಊರಿನ ವ್ಯಾಪ್ತಿಯನ್ನು ನಾನು ಸರಿಯಾಗಿ ಗುರುತಿಸದ ಕಾರಣ ನೋಡಿದವರಲ್ಲಿ ಹೆಚ್ಚಿನವರು ಬೇರೆ ಊರುಗಳವರಾಗಿದ್ದರು. ಕೌಂಟರ್‌ಗೆ ಬಂದ ಒಬ್ಬ ಗ್ರಾಹಕರೂ ಅದರ ಬಗ್ಗೆ ಮಾತನಾಡಲಿಲ್ಲ. ಆ ಹಣ ಹೋದದ್ದಕ್ಕಿಂತ, 'ಗೌಪ್ಯ ಮಾಹಿತಿ' ಎಂದರೆ ಏನೆಂದು ನಮ್ಮ ಪಿಗ್ಮಿ ಸಂಗ್ರಹಕಾರರನ್ನು ಕೇಳಿದಾಗ ಅವರೇ ತಡವರಿಸಿದ್ದು ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿತು.

ಆದ್ದರಿಂದ ಎರಡನೆಯ ಸಲ ಎಲ್ಲರೂ ಹೇಳುವ ಒಂದೇ ಸಾಲನ್ನು ಮುಂದಿಟ್ಟೆ: 'ರೊಕ್ಕ ಬರಲು ಪಿನ್ ಬೇಡ, ಕಳಿಸಲು ಮಾತ್ರ ಪಿನ್ ಬೇಕು.' 'ಹಣ' ಎಂಬ ಪದದ ಬದಲು 'ರೊಕ್ಕ' ಎಂದು ಬರೆದದ್ದಕ್ಕೆ ಮೇಲಿನಿಂದ ಆಕ್ಷೇಪಣೆ ಬಂದರೂ ನಾನು ಬಿಡಲಿಲ್ಲ, ಏಕೆಂದರೆ ನಮ್ಮ ಕಡೆ ಮೋಸಗಾರನೂ ಸಂತ್ರಸ್ತನೂ ಮಾತನಾಡುವುದು ರೊಕ್ಕದ ಲೆಕ್ಕದಲ್ಲಿಯೇ. ಈ ಸಾಲನ್ನು ಜನ ನೆನಪಿಟ್ಟುಕೊಂಡರು. ಆದರೆ ನೆನಪಿಟ್ಟುಕೊಂಡವರೊಬ್ಬರೇ ಮೋಸ ಹೋದರು.

ಅವರು ಸೀರೆ ವ್ಯಾಪಾರಿ. ಸೇನೆಯ ಅಧಿಕಾರಿ ಎಂದು ಹೇಳಿಕೊಂಡವನೊಬ್ಬ ಕರೆ ಮಾಡಿ, ಸಮಾರಂಭವೊಂದಕ್ಕೆ ಹದಿನೈದು ಇಳಕಲ್ ಸೀರೆ ಬೇಕೆಂದೂ 9,000 ರೂಪಾಯಿ ಮುಂಗಡ ಕೊಡುವುದಾಗಿಯೂ ಹೇಳಿದ. ಖಾತೆ ಸರಿಯಿದೆಯೇ ಎಂದು ನೋಡಲು ಮೊದಲು ಒಂದು ರೂಪಾಯಿ ಕಳಿಸಲು ಹೇಳಿ, ಕಳಿಸಿದ ಕೂಡಲೇ ಎರಡು ರೂಪಾಯಿ ಮರಳಿಸಿದ. ನಂಬಿಕೆ ಹುಟ್ಟಿದ್ದು ಅಲ್ಲಿಯೇ. ಆಮೇಲೆ ವಾಟ್ಸಾಪ್‌ನಲ್ಲಿ ಕ್ಯೂಆರ್ ಕೋಡ್ ಕಳಿಸಿ, ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಮುಂಗಡ ಜಮೆಯಾಗುತ್ತದೆ ಎಂದ. ವ್ಯಾಪಾರಿಗೆ ನಮ್ಮ ಸಾಲು ನೆನಪಾಗಿ, ರೊಕ್ಕ ಬರಲು ಪಿನ್ ಏಕೆ ಎಂದು ಕೇಳಿಯೂ ಕೇಳಿದರು. ಇದು ಕಳಿಸುವ ಪಿನ್ ಅಲ್ಲ, ಬ್ಯಾಲೆನ್ಸ್ ನೋಡುವಾಗ ಒತ್ತುವಂಥ ಪಿನ್, ಖಾತೆ ನಿಮ್ಮದೇ ಎಂದು ದೃಢಪಡಿಸಲು ಅಷ್ಟೇ ಎಂದು ಅವನು ಉತ್ತರಿಸಿದ. 9,000 ರೂಪಾಯಿ ಹೋಯಿತು. ತಪ್ಪಾಗಿದೆ, ಇನ್ನೊಮ್ಮೆ ಮಾಡಿದರೆ ಎರಡೂ ಮೊತ್ತ ಒಟ್ಟಿಗೆ ಮರಳುತ್ತವೆ ಎಂದಾಗ ಮತ್ತೆ 9,000 ಹೋಯಿತು. ಅವರು ಶಾಖೆಗೆ ಬಂದದ್ದು ಮರುದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಅಷ್ಟು ಹೊತ್ತಿಗೆ ಆ ಹಣ ಎರಡು ಮೂರು ಖಾತೆಗಳನ್ನು ದಾಟಿ ನಗದಾಗಿ ಹೋಗಿತ್ತು.

"ಬ್ಯಾಲೆನ್ಸ್ ನೋಡಾಕೂ ಪಿನ್ ಕೇಳತೈತಲ್ರೀ ಸರ್, ಹಂಗಾದ್ರ ನೀವು ಬರೆದದ್ದು ಹೆಂಗ ಖರೆ?" ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅವರ ಮಾತೇ ಖರೆಯಾಗಿತ್ತು. ಬ್ಯಾಲೆನ್ಸ್ ನೋಡುವಾಗ ಪಿನ್ ಬೇಕು, ಪ್ರತಿ ತಿಂಗಳು ತಾನಾಗಿ ಹಣ ಕಡಿತವಾಗುವ ಆಟೋಪೇಗೆ ಒಪ್ಪಿಗೆ ಕೊಡುವಾಗಲೂ ಬೇಕು. ನಾವೆಲ್ಲ ವರ್ಷಗಟ್ಟಲೆ ಹಂಚಿದ 'ಕಳಿಸಲು ಮಾತ್ರ ಪಿನ್' ಎಂಬ ಮಾತಿನಲ್ಲಿ ಒಂದು ಬಿರುಕಿತ್ತು, ಮೋಸಗಾರ ಒಳಗೆ ಬಂದದ್ದು ಅದೇ ಬಿರುಕಿನಿಂದ.

ಆ ಸಂಜೆ ನಾನು ನನ್ನದೇ ಎರಡು ಫೋನ್‌ಗಳಲ್ಲಿ ಪರೀಕ್ಷೆಗೆ ಕುಳಿತೆ. ಕ್ಯೂಆರ್ ಕೋಡ್‌ನ ಚೌಕಗಳೊಳಗೆ ಇರುವುದು ಇಂಥ ಒಂದು ಸಾಲು ಮಾತ್ರ:

```
upi://pay?pa=xxxx@xxxx&pn=CANTEEN&am=9000&cu=INR&tn=ADVANCE%20RECEIVED
```

ಇದರಲ್ಲಿ `pay` ಎಂದಿದೆ, ಅಂದರೆ ಸ್ಕ್ಯಾನ್ ಮಾಡಿದವನೇ ಕೊಡುವವನು. `am` ಮೊತ್ತ, `tn` ಟಿಪ್ಪಣಿ. ಟಿಪ್ಪಣಿಯಲ್ಲಿ ಏನು ಬರೆಯಬೇಕೆಂಬುದು ಕೋಡ್ ತಯಾರಿಸಿದವನ ಇಷ್ಟ. ಒಂದು ರೂಪಾಯಿಯ ಕೋಡ್ ಮಾಡಿ ಟಿಪ್ಪಣಿಯಲ್ಲಿ 'ಮುಂಗಡ ಬಂದಿದೆ' ಎಂಬ ಅರ್ಥದ ಇಂಗ್ಲಿಷ್ ಮಾತು ತುಂಬಿದಾಗ, ನಾನು ಹಣ ಕಳಿಸುತ್ತಿರುವ ಪರದೆಯ ಮೇಲೆಯೇ ಆ ಮಾತು ಮೂಡಿತು. ವ್ಯಾಪಾರಿ ಕಂಡದ್ದು ಇದನ್ನೇ. ಆದರೆ ಪಿನ್ ಕೇಳುವ ಪುಟಕ್ಕೆ ಹೋದಾಗ ಮೇಲ್ಭಾಗದಲ್ಲಿ ಯಾರಿಗೆ, ಎಷ್ಟು ಎಂಬುದು ತಪ್ಪದೆ ಕಂಡಿತು. ಬ್ಯಾಲೆನ್ಸ್ ನೋಡುವ ಪುಟದಲ್ಲಿ ಹಾಗೆ ಪಡೆಯುವವರ ಹೆಸರೂ ಮೊತ್ತವೂ ಇರಲಿಲ್ಲ. ಆಟೋಪೇ ಪುಟದಲ್ಲಿ ಇದ್ದವು, ಅಲ್ಲಿಯೂ ಹಣ ಹೋಗುವುದೇ, ಸ್ವಲ್ಪ ತಡವಾಗಿ. ಹಾಗಾಗಿ ಜನರಿಗೆ ಕಲಿಸಬೇಕಾದದ್ದು ಪಿನ್ ಎಲ್ಲಿ ಬೇಕು, ಎಲ್ಲಿ ಬೇಡ ಎಂಬ ನಿಯಮವಲ್ಲ, ಆ ಪುಟದ ಮೇಲ್ಭಾಗವನ್ನು ಓದುವುದು.

ಅಲ್ಲಿಂದ ಹುಟ್ಟಿದ ಮೊದಲ ಸಾಲು ಇದು: 'ಪಿನ್ ಒತ್ತುವ ಮುಂಚೆ ಮೇಲೆ ನೋಡಿ: ಹೆಸರೂ ಮೊತ್ತವೂ ಕಂಡರೆ ನಿಮ್ಮ ರೊಕ್ಕ ಹೋಗುತ್ತಿದೆ, ಬರುತ್ತಿಲ್ಲ.' ಇನ್‌ಸ್ಟಾಗ್ರಾಮ್ ಕ್ಯಾಪ್ಶನ್‌ಗೆ 2,200 ಅಕ್ಷರಗಳ ಮಿತಿಯಿದ್ದು, ತೆರೆಯದೆ ಕಾಣುವುದು ಸುಮಾರು ಮೊದಲ 125 ಮಾತ್ರ ಎಂಬುದು ನಿಮಗೆ ಗೊತ್ತಿರುತ್ತದೆ. ಕನ್ನಡದಲ್ಲಿ ಗುಣಿತ, ಒತ್ತು, ಸೊನ್ನೆ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ ಎಂಬುದನ್ನು ಮಾತ್ರ ನಾನು ಮೂರು ಕ್ಯಾಪ್ಶನ್ ತುಂಡಾದ ಮೇಲೆ ಕಲಿತೆ. 'ಬ್ಯಾಂಕ್' ಎಂಬ ಸಣ್ಣ ಪದಕ್ಕೇ ಏಳು ಖರ್ಚಾಗುತ್ತವೆ. ಮೇಲಿನ ಸಾಲು ಖಾಲಿ ಜಾಗವೂ ಸೇರಿ 84 ಆಗುತ್ತದೆ, ಆದ್ದರಿಂದ ಯಾರೂ ಬೆರಳು ತಾಗಿಸದಿದ್ದರೂ ಪೂರ್ತಿ ಕಾಣುತ್ತದೆ. ಶಾಖೆಯ ಹೆಸರು, ಶುಭಾಶಯ, ಹ್ಯಾಷ್‌ಟ್ಯಾಗ್ ಎಲ್ಲವನ್ನೂ ಕೊನೆಗೆ ತಳ್ಳಿದೆ. ಪಿಗ್ಮಿ ಸಂಗ್ರಹಕಾರರು ಸುಮಾರು ಇಪ್ಪತ್ತು ಅಂಗಡಿಗಳಲ್ಲಿ ಇದನ್ನು ಓದಿ ಹೇಳಿ, ಮರುದಿನ ಅದೇ ಮಾತನ್ನು ಅಂಗಡಿಯವರಿಂದ ಹೇಳಿಸಿದರು. ಹದಿನಾರು ಹದಿನೇಳು ಜನ ಸರಿಯಾಗಿ ಹೇಳಿದರು ಎಂಬ ನೆನಪು.

ಇಷ್ಟಾದರೂ ಹಣ ಹೋದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ನಾನು ಹೆಚ್ಚು ಜಾಗ ಕೊಟ್ಟೆ. ಮೊದಲು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೆ ಬರುವುದು ಆಮೇಲೆ. ಬ್ಯಾಂಕಿನವರೇ ಹೀಗೆ ಬರೆಯುವುದು ನಮ್ಮ ವ್ಯವಸ್ಥಾಪಕರಿಗೆ ಸರಿಕಾಣಲಿಲ್ಲ. ಆದರೆ 1930ರಲ್ಲಿ ದೂರು ದಾಖಲಾದ ಕೂಡಲೇ ಅದು ಹಣ ಹೋದ ಬ್ಯಾಂಕಿಗೂ ಸೇರಿದ ಬ್ಯಾಂಕಿಗೂ ಹೋಗುತ್ತದೆ, ಹಣ ಅಲ್ಲಿಯೇ ಇದ್ದರೆ ತಡೆಹಿಡಿಯುತ್ತಾರೆ, ಮುಂದೆ ಸಾಗಿದ್ದರೆ ದೂರೂ ಮುಂದಿನ ಬ್ಯಾಂಕಿಗೆ ಸಾಗುತ್ತದೆ. ಶಾಖೆಯ ಬಾಗಿಲು ತೆರೆಯುವವರೆಗೆ ಕಾದರೆ ಈ ಓಟದಲ್ಲಿ ನಾವು ಹಿಂದೆ ಬೀಳುತ್ತೇವೆ. ಕರೆಯ ನಂತರ cybercrime.gov.in ತಾಣದಲ್ಲಿ ದೂರಿನ ವಿವರ ಪೂರ್ಣಗೊಳಿಸಬೇಕು. ತಡೆಹಿಡಿದ ಹಣ ತಾನಾಗಿ ಖಾತೆಗೆ ಮರಳುವುದಿಲ್ಲ, ಅದಕ್ಕಾಗಿ ಪೊಲೀಸ್ ಠಾಣೆಗೆ ಅಲೆಯಬೇಕಾಗುತ್ತದೆ ಎಂಬುದನ್ನೂ ಮರೆಮಾಚದೆ ಬರೆದೆ.

ಹೊಣೆಗಾರಿಕೆಯ ಪ್ರಶ್ನೆಯಲ್ಲಿ ಮೇಲಿನ ಕಚೇರಿಯೊಂದಿಗೆ ಎರಡು ವಾರ ಪತ್ರ ವ್ಯವಹಾರ ನಡೆಯಿತು. ಮೂರು ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ ಎಂದಷ್ಟೇ ಬರೆಯಲು ಅವರು ಹೇಳಿದರು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಲ್ಲಿ ಆ ಮೂರು ಕೆಲಸದ ದಿನಗಳ ರಕ್ಷಣೆ ಇದ್ದದ್ದು ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಹೊರಗಿನವರಿಂದ ಆದ ವಂಚನೆಗೆ. ಗುಪ್ತ ಸಂಖ್ಯೆ ಕೊಟ್ಟಂಥ ಗ್ರಾಹಕರ ಅಜಾಗರೂಕತೆಯಿಂದ ಆದ ನಷ್ಟ, ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರದೇ, ತಿಳಿಸಿದ ನಂತರ ಆದದ್ದು ಬ್ಯಾಂಕಿನದು. ಸೀರೆ ವ್ಯಾಪಾರಿಯಂಥವರು ಬೀಳುವುದು ಈ ಎರಡನೆಯ ಗುಂಪಿಗೆ. ಸುಳ್ಳು ಧೈರ್ಯ ಕೊಡುವ ಸಾಲಿಗೆ ನಾನು ಒಪ್ಪಲಿಲ್ಲ. ಕೊನೆಗೆ 'ನೀವೇ ಪಿನ್ ಒತ್ತಿದ್ದರೆ ನಷ್ಟ ನಿಮ್ಮ ಮೇಲೆ ಬರಬಹುದು, ಆದ್ದರಿಂದ ಒಂದು ನಿಮಿಷವೂ ತಡಮಾಡದೆ ತಿಳಿಸಿ' ಎಂಬ ಒಕ್ಕಣೆ ಉಳಿಯಿತು.

ನಾನು ಎಣಿಸದ ಇನ್ನೊಂದು ತೊಂದರೆ ನಮ್ಮ ಪೋಸ್ಟ್‌ನ ಅಡಿಯಲ್ಲಿಯೇ ಕಾದಿತ್ತು. ಹಣ ಕಳೆದುಕೊಂಡವರೊಬ್ಬರು ಅಲ್ಲಿ ತಮ್ಮ ಸಂಕಟ ಬರೆದುಕೊಂಡ ಸ್ವಲ್ಪ ಹೊತ್ತಿನಲ್ಲಿ, ಬ್ಯಾಂಕಿನ ಸಹಾಯವಾಣಿ ಎಂಬ ಹೆಸರಿನ ಖಾತೆಯೊಂದು ಹತ್ತಂಕಿಯ ಮೊಬೈಲ್ ಸಂಖ್ಯೆ ಕೊಟ್ಟು ಕರೆ ಮಾಡಲು ಹೇಳಿತ್ತು. ಸಂಜೆ ನಾನು ನೋಡಿ ಅಳಿಸುವವರೆಗೆ ಅದು ನಮ್ಮ ಹೆಸರಿನ ನೆರಳಿನಲ್ಲಿಯೇ ಇತ್ತು. ಈಗ ಇಂಥ ಪೋಸ್ಟ್‌ಗಳಲ್ಲಿ ಕಮೆಂಟ್ ಮುಚ್ಚುತ್ತೇನೆ. ಚಿತ್ರವನ್ನು ವಾಟ್ಸಾಪ್‌ಗೆ ಇಳಿಸಿಕೊಂಡಾಗ ಕ್ಯಾಪ್ಶನ್ ಹಿಂದೆ ಉಳಿಯುವುದರಿಂದ 1930 ಎಂಬ ಸಂಖ್ಯೆಯನ್ನು ಪ್ರತಿ ಚಿತ್ರದ ಮೂಲೆಯಲ್ಲಿಯೂ ಅಚ್ಚು ಹಾಕಿದ್ದೇನೆ. ನಮ್ಮ ಶಾಖೆಯವರು ನಿಜವಾಗಿ ಕರೆ ಮಾಡಿದಾಗ ಗ್ರಾಹಕರು ಗುರುತು ಹಿಡಿಯಲು ಒಂದು ಏರ್ಪಾಡೂ ಇದೆ. ಅದನ್ನು ಕೌಂಟರ್‌ನಲ್ಲಿ ಮುಖ ನೋಡಿ ಹೇಳುತ್ತೇವೆಯೇ ಹೊರತು ಎಲ್ಲಿಯೂ ಬರೆಯುವುದಿಲ್ಲ, ಇಲ್ಲಿಯೂ ಬರೆಯಲಾರೆ.

ಏಳನೆಯ ಕ್ಯಾಪ್ಶನ್ ಹಾಕಿದ ಎರಡು ತಿಂಗಳಿಗೆ ಕಿರಾಣಿ ಅಂಗಡಿಯವರೊಬ್ಬರ 20,000 ರೂಪಾಯಿ ರಾತ್ರಿ ಎಂಟರ ನಂತರ ಹೋಯಿತು. ಎರಡನೆಯ ಸಲ ಸ್ಕ್ಯಾನ್ ಮಾಡಲು ಹೇಳಿದಾಗ ಅವರು ಪುಟದ ಮೇಲ್ಭಾಗ ನೋಡಿ ಕೈ ತಡೆದರು, ಅರ್ಧ ಗಂಟೆಯೊಳಗೆ 1930ಕ್ಕೆ ಕರೆ ಮಾಡಿದರು. ಸುಮಾರು 14,000 ರೂಪಾಯಿ ಮುಂದಿನ ಖಾತೆಯಲ್ಲಿಯೇ ತಡೆಯಾಯಿತು. ಕರೆಯಲ್ಲಿ ಅವರಿಗೆ ತೊಡಕಾದದ್ದು ಒಂದೇ: ವಹಿವಾಟಿನ ಸಂಖ್ಯೆ ಕೇಳಿದಾಗ ಅದು ಎಲ್ಲಿದೆಯೆಂದು ಹುಡುಕುವುದರಲ್ಲಿ ಹತ್ತು ನಿಮಿಷ ಕಳೆಯಿತು.

2025ರ ಅಕ್ಟೋಬರ್‌ನಿಂದ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಹಣ ಕೇಳಿ ಕಳಿಸುವ ಯುಪಿಐ ಕೋರಿಕೆಯ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ನಿಲ್ಲಿಸಿದ್ದರಿಂದ, ಅದರ ಬಗ್ಗೆ ಇದ್ದ ಐದನೆಯ ಪ್ರಶ್ನೆಯನ್ನು ತೆಗೆದುಹಾಕಿದೆ. ಖಾಲಿಯಾದ ಜಾಗದಲ್ಲಿ ಈಗ ಹೀಗೆ ಬರೆದಿದ್ದೇನೆ: 'ಕರೆ ಮಾಡುವ ಮುಂಚೆ ಆ್ಯಪ್‌ನ ಹಿಸ್ಟರಿಯಲ್ಲಿ ಆ ವಹಿವಾಟನ್ನು ತೆರೆದು, ಅಲ್ಲಿರುವ 12 ಅಂಕಿಯ ಸಂಖ್ಯೆಯನ್ನು ಹಾಳೆಯ ಮೇಲೆ ಬರೆದುಕೊಳ್ಳಿ.'