ಒತ್ತನ್ನು ಲೆಕ್ಕದಿಂದ ಬಿಟ್ಟ ಮೇಲೆ: ಕನ್ನಡ–ಇಂಗ್ಲಿಷ್ ಲೋಗೊ ಸಮತೂಗಿದ ನನ್ನ ಅನುಭವ

ಎರಡು ಲಿಪಿಯ ಲೋಗೊದಲ್ಲಿ ಯಾವುದು ಎಷ್ಟು ದಪ್ಪ ಎಂದು ಅಳೆಯುವಾಗ ಒತ್ತಕ್ಷರವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ನಾನು ಹೇಳಿದಾಗ ಪರಿಚಯದ ಇಬ್ಬರು ವಿನ್ಯಾಸಕಾರರು ನಕ್ಕಿದ್ದರು. ಒಬ್ಬರಂತೂ, 'ಎರಡೂ ಲಿಪಿ ಇರುವ ಒಂದೇ ಫಾಂಟ್ ಕುಟುಂಬ ತೆಗೆದುಕೊಂಡು ಟೈಪ್ ಮಾಡಿ ಮುಗಿಸಿ, ಇದಕ್ಕೆಲ್ಲ ಯಾರು ಹಣ ಕೊಡುತ್ತಾರೆ' ಎಂದರು. ಹಣದ ವಿಷಯದಲ್ಲಿ ಅವರು ಹೇಳಿದ್ದು ಹೆಚ್ಚುಕಡಿಮೆ ನಿಜವಾಯಿತು. ಲೋಗೊ ಈಗ ಮೂರು ಮಳಿಗೆಗಳ ಮೇಲಿದೆ, ಆದ್ದರಿಂದ ಬರೆಯುವ ಧೈರ್ಯ ಬಂದಿದೆ.

ಗ್ರಾಹಕರ ಹೆಸರು ಬೇರೆ. ಅಕ್ಷರಗಳ ತೊಡಕು ಅದೇ ಆಗಿರುವ 'ಕಿತ್ತಳೆ' ಎಂಬ ಹೆಸರನ್ನಿಟ್ಟುಕೊಂಡು ಹೇಳುತ್ತೇನೆ. ಇಂಗ್ಲಿಷ್ ಲೋಗೊ, ಅಂದರೆ Kittale, ಅವರ ಬಳಿ ಮೊದಲೇ ಇತ್ತು. ಯಾರೋ ಕೈಯಿಂದ ಬರೆದುಕೊಟ್ಟ ದಪ್ಪನೆಯ, ದುಂಡನೆಯ ಅಕ್ಷರ; ಅದನ್ನು ಮುಟ್ಟುವಂತಿರಲಿಲ್ಲ. ರಾಜ್ಯದ ಭಾಷಾ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕಾದದ್ದರಿಂದ ಅವರಿಗೆ ಕನ್ನಡ ರೂಪ ತುರ್ತಾಗಿ ಬೇಕಾಗಿತ್ತು. ಅದರ ಜೊತೆಗೆ ಬಾಟಲಿಯ ಲೇಬಲ್‌ಗೆ ಎರಡೂ ಲಿಪಿ ಅಕ್ಕಪಕ್ಕ ಕೂರುವ ಇನ್ನೊಂದು ರೂಪ. ನಾನು ನಾಲ್ಕು ದಿನ ಎಂದು ಹೇಳಿ ಹದಿನೆಂಟು ಸಾವಿರಕ್ಕೆ ಒಪ್ಪಿಕೊಂಡೆ. ಹಿಡಿದದ್ದು ಮೂರು ವಾರ.

ತೊಡಕು ಎಲ್ಲಿದೆ ನೋಡಿ. ಇಂಗ್ಲಿಷಿನಲ್ಲಿ ಕೆ, ಎರಡು ಟಿ, ಒಂದು ಎಲ್, ಎಲ್ಲವೂ ಮೇಲಕ್ಕೆ ಚಾಚುತ್ತವೆ. ಕೆಳಕ್ಕೆ ಇಳಿಯುವುದು ಒಂದೂ ಇಲ್ಲ. ಕನ್ನಡದಲ್ಲಿ ಇದರ ತಿರುವುಮುರುವು: ಮೇಲೆ ಹೆಚ್ಚೇನೂ ಇಲ್ಲ, ಕೆಳಗೆ ತಕಾರದ ಒತ್ತು ಜೋತಾಡುತ್ತದೆ. ಸಾಲದ್ದಕ್ಕೆ ಮೂರು ಅಕ್ಷರಗಳಿಗೆ ಮೂರು ಬಗೆಯ ತಲೆ. ಮೊದಲನೆಯದರ ಮೇಲೆ ಗುಡಿಸು, ಕೊನೆಯದರ ಮೇಲೆ ಏತ್ವ, ತಲೆಕಟ್ಟು ಸರಿಯಾಗಿ ಕಾಣುವುದು ನಡುವಿನ ತಕಾರದಲ್ಲಿ ಮಾತ್ರ. ಹಾಗಾಗಿ ಕನ್ನಡದ ಎತ್ತರ ಎಂದು ನಾನು ಇಲ್ಲಿ ಹೇಳುವುದೆಲ್ಲ ಅಕ್ಷರಗಳು ಕೂರುವ ಗೆರೆಯಾದ ಬೇಸ್‌ಲೈನಿನಿಂದ ಆ ತಕಾರದ ತಲೆಕಟ್ಟಿನ ಮೇಲಂಚಿನವರೆಗಿನ ಅಳತೆ.

ಅನೇಕ್ ಕನ್ನಡ ಫಾಂಟಿನಿಂದ ಆರಂಭಿಸಿದೆ. ಮುಕ್ತ ಪರವಾನಗಿ ಇದೆ, ದಪ್ಪವನ್ನೂ ಅಗಲವನ್ನೂ ಬೇಕಾದಷ್ಟು ಹೊಂದಿಸಿಕೊಳ್ಳಬಹುದು. ಇಂಗ್ಲಿಷಿನ ದೊಡ್ಡಕ್ಷರದ ಎತ್ತರ 700 ಯೂನಿಟ್, ಸಣ್ಣಕ್ಷರದ್ದು 500 ಎಂದು ಇಟ್ಟುಕೊಂಡೆ. ಎಲ್ಲರಂತೆ ನಾನೂ ಮೊದಲು ತಕಾರವನ್ನು ಕೆ ಅಕ್ಷರದ ಎತ್ತರಕ್ಕೆ, ಅಂದರೆ 700ಕ್ಕೆ ಏರಿಸಿದೆ. ಮೇಲಂಚು ಗೆರೆ ಎಳೆದಂತೆ ಸರಿಹೋಯಿತು, ಆದರೆ ಕನ್ನಡ ಆನೆಯಂತೆ, ಇಂಗ್ಲಿಷ್ ಅದರ ಮಾವುತನಂತೆ ಕಂಡಿತು. ಕಾರಣ ಸರಳ: ಇಂಗ್ಲಿಷಿನ ಮೇಲಿನ ಪಟ್ಟಿಯಲ್ಲಿರುವುದು ಬಿಡಿಬಿಡಿ ಕಂಬಗಳು, ಕನ್ನಡದಲ್ಲಿ ಅದೇ ಪಟ್ಟಿ ಪೂರ್ತಿ ತುಂಬಿರುತ್ತದೆ. ಮರುದಿನ 500ಕ್ಕೆ ಇಳಿಸಿದೆ. ಒಳಗಿನ ಬಿಳಿ ಕಟ್ಟಿಕೊಂಡು, ಒತ್ತು ಅಲ್ಪವಿರಾಮದಷ್ಟಾಯಿತು. ಎಂಟು ಹತ್ತು ಮುದ್ರಣಗಳ ನಂತರ ನಿಂತದ್ದು 590ರ ಸುಮಾರಿಗೆ. ಈ ಸಂಖ್ಯೆಯನ್ನು ಮಂತ್ರದಂತೆ ಬಳಸಬೇಡಿ. ಇಂಗ್ಲಿಷಿನಲ್ಲಿ ಮೇಲೆ ಚಾಚುವ ಅಕ್ಷರಗಳು ಕಡಿಮೆ ಇದ್ದರೆ ಅದು ಸಣ್ಣಕ್ಷರದ ಎತ್ತರದ ಕಡೆಗೆ ಇಳಿಯುತ್ತದೆ, ಎಲ್ಲವೂ ದೊಡ್ಡಕ್ಷರವಾದರೆ ಏರುತ್ತದೆ.

ಬೇಸ್‌ಲೈನನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಕನ್ನಡದ ತಳ ದುಂಡು, ಕೆ ಮತ್ತು ಎಲ್ ಅಕ್ಷರಗಳ ತಳ ಚಪ್ಪಟೆ. ಲೆಕ್ಕದಲ್ಲಿ ಒಂದೇ ಗೆರೆಯ ಮೇಲಿಟ್ಟರೆ ಕನ್ನಡ ತೇಲುತ್ತದೆ, ಆದ್ದರಿಂದ ಹತ್ತು ಹನ್ನೆರಡು ಯೂನಿಟ್ ಕೆಳಗಿಳಿಸಿದೆ.

ನಾನು ಜಾರಿಬಿದ್ದದ್ದು ದಪ್ಪದಲ್ಲಿ. ಕಣ್ಣಿನ ಮೇಲೆ ನಂಬಿಕೆ ಸಾಲದೆ ಶಾಯಿಯ ಪ್ರಮಾಣವನ್ನು ಅಳೆಯಲು ಹೊರಟೆ. ಎರಡೂ ಪದಗಳನ್ನು ಬಿಳಿ ಹಿನ್ನೆಲೆಯ ಮೇಲೆ ಕಪ್ಪಾಗಿ ತೆಗೆದು, ಅಂಚಿಗೆ ಒತ್ತಿ ಕತ್ತರಿಸಿ, ಇಮೇಜ್‌ಮ್ಯಾಜಿಕ್ ತಂತ್ರಾಂಶಕ್ಕೆ ಕೊಟ್ಟೆ:

```
magick kannada.png -colorspace Gray -format "%[fx:100*(1-mean)]" info:
```

ಬರುವ ಸಂಖ್ಯೆ ಎಂದರೆ ಆ ಚೌಕದಲ್ಲಿ ನೂರಕ್ಕೆ ಎಷ್ಟು ಪಾಲು ಕಪ್ಪು ಎಂಬುದು. ಹಿನ್ನೆಲೆ ನಿಜವಾಗಿಯೂ ಬಿಳಿಯಾಗಿರಲಿ. ಪಾರದರ್ಶಕ ಪಿಎನ್‌ಜಿ ಕೊಟ್ಟು ಅರ್ಥವಿಲ್ಲದ ಸಂಖ್ಯೆಗಳನ್ನು ನೋಡುತ್ತ ನಾನು ಅರ್ಧ ದಿನ ಕಳೆದಿದ್ದೇನೆ. ಇಂಗ್ಲಿಷಿಗೆ ಮೂವತ್ತರ ಆಸುಪಾಸು, ಕನ್ನಡಕ್ಕೆ ಇಪ್ಪತ್ತಾರೋ ಇಪ್ಪತ್ತೇಳೋ ಬಂತು. ಕನ್ನಡ ತೆಳ್ಳಗಿದೆ ಎಂದು ತೀರ್ಮಾನಿಸಿ ದಪ್ಪವನ್ನು ಏರಿಸಿದೆ. ಸಂಖ್ಯೆ ಸಮವಾಯಿತು. ಮುದ್ರಿಸಿ ಗೋಡೆಗೆ ಅಂಟಿಸಿ ಹಿಂದೆ ಸರಿದರೆ ಕಂಡದ್ದು ಡಾಂಬರಿನ ಉಂಡೆ.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಒತ್ತು ಒಂದು ಮೂಲೆಯಲ್ಲಿ ಕೆಳಗಿಳಿದಾಗ ಚೌಕವೂ ಅದರ ಜೊತೆ ಇಳಿಯುತ್ತದೆ. ಒತ್ತಿನ ಎಡಬಲಕ್ಕೆ ಇರುವ ಖಾಲಿ ಬಿಳಿಯೆಲ್ಲ ಕನ್ನಡದ ಲೆಕ್ಕಕ್ಕೆ ಸೇರಿ ಸರಾಸರಿಯನ್ನು ಕೆಳಗೆ ಎಳೆದಿತ್ತು. ಕಣ್ಣು ಆ ಬಿಳಿಯನ್ನು ಅಕ್ಷರದ ಭಾಗವೆಂದು ನೋಡುವುದೇ ಇಲ್ಲ. ಆಮೇಲೆ ನಾನು ಅಳೆದದ್ದು ಒಡಲನ್ನು ಮಾತ್ರ: ಕನ್ನಡದಲ್ಲಿ ಬೇಸ್‌ಲೈನಿನಿಂದ ತಲೆಕಟ್ಟಿನವರೆಗೆ, ಇಂಗ್ಲಿಷಿನಲ್ಲಿ ಬೇಸ್‌ಲೈನಿನಿಂದ ಸಣ್ಣಕ್ಷರದ ಎತ್ತರದವರೆಗೆ. ಮೇಲೆ ಚಾಚಿದ್ದು, ಕೆಳಗೆ ಇಳಿದದ್ದು ಎರಡೂ ಹೊರಗೆ. ಈ ಸಲ ಮೊದಲಿನ ದಪ್ಪದಲ್ಲೇ ಇಂಗ್ಲಿಷಿಗೆ ಮೂವತ್ತೊಂಬತ್ತು, ಕನ್ನಡಕ್ಕೆ ನಲವತ್ತೆರಡು ಬಂತು. ತೆಳ್ಳಗೆ ಎಂದುಕೊಂಡದ್ದು ನಿಜವಾಗಿ ದಪ್ಪಗಿತ್ತು.

ಸಂಖ್ಯೆ ಸಮವಾದರೂ ಸಾಲದು ಎಂಬುದು ನಂತರ ತಿಳಿಯಿತು. ಎರಡೂ ಮೂವತ್ತೊಂಬತ್ತಾದಾಗಲೂ ಕನ್ನಡವೇ ಒಂದು ಕೈ ಹೆಚ್ಚು ಕಪ್ಪಾಗಿ ಕಾಣುತ್ತಿತ್ತು, ಏಕೆಂದರೆ ಅದರ ಒಡಲೇ ಎತ್ತರ. ಅದೇ ಬಣ್ಣ ಹೆಚ್ಚು ಜಾಗದಲ್ಲಿ ಹರಡಿರುತ್ತದೆ. ಎರಡು ಮೂರು ಅಂಕ ಕೆಳಗಿಟ್ಟಾಗ ಕಣ್ಣು ಒಪ್ಪಿತು. ಫಾಂಟಿನಲ್ಲಿ ದಪ್ಪ ಹೊಂದಿಸುವ ಸಂಖ್ಯೆ 640ರಿಂದ 560ರ ಹತ್ತಿರಕ್ಕೆ ಇಳಿದಿತ್ತು. ಇಂಗ್ಲಿಷಿನ ಕಂಬ 96 ಯೂನಿಟ್ ಇದ್ದರೆ ಕನ್ನಡದ ಗೆರೆ 84ರ ಸುಮಾರು. ಒಂದು ಎಚ್ಚರಿಕೆ: ದಪ್ಪ ಇಳಿಸಲು ಇಲ್ಸ್ಟ್ರೇಟರಿನ ಆಫ್‌ಸೆಟ್ ಬಳಸಬೇಡಿ. ಸುರುಳಿ ಸೇರುವ ಸಂದುಗಳು ಕಟ್ಟಿಕೊಂಡೇ ಉಳಿದು, ಗೆರೆಯ ತುದಿಗಳು ಮಾತ್ರ ಸೊರಗುತ್ತವೆ. ಫಾಂಟಿನಲ್ಲೇ ದಪ್ಪ ಬದಲಿಸಿ, ಆಮೇಲೆ ಔಟ್‌ಲೈನ್ ಮಾಡಿ, ಸಂದುಗಳನ್ನು ಕೈಯಿಂದ ಕೊರೆಯಿರಿ. ಎಷ್ಟು ಕೊರೆಯಬೇಕು, ಯಾವ ಬದಿಯಿಂದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ನನ್ನ ಹೊಟ್ಟೆಪಾಡಿದೆ.

ಕಣ್ಣಿನ ಪರೀಕ್ಷೆಗೆ ಎಲ್ಲರೂ ಮಸುಕು ಮಾಡಿ ನೋಡುತ್ತಾರೆ. ನಾನೂ ಮಾಡಿದೆ, ಆದರೆ ಕನ್ನಡ ಓದುವವನಿಗೆ ಮಸುಕಿನಲ್ಲೂ ಮೊದಲು ಹೊಳೆಯುವುದು ಕನ್ನಡವೇ. ಹಾಳೆಯನ್ನು ತಲೆಕೆಳಗಾಗಿ ಅಂಟಿಸಿ ಹದಿನೈದು ಹೆಜ್ಜೆ ಹಿಂದೆ ನಿಂತರೆ ಓದುವ ಚಪಲ ಹೋಗಿ ಬರಿಯ ಕಪ್ಪುಬಿಳಿ ಉಳಿಯುತ್ತದೆ. ಕನ್ನಡ ಬಾರದ ಗೆಳೆಯನೊಬ್ಬನಿಗೂ ತೋರಿಸಿದೆ. ಯಾವ ಬದಿ ಭಾರ ಎಂದರೆ, 'ಬಲಗಡೆಯದು ಸ್ವಲ್ಪ' ಎಂದ. ತಲೆಕೆಳಗಾದ ಹಾಳೆಯಲ್ಲಿ ಬಲಗಡೆಯಿದ್ದದ್ದು ಕನ್ನಡ. ಮತ್ತೆ ಒಂದು ಅಂಕ ಇಳಿಸಿದೆ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಇಂಗ್ಲಿಷಿನ ದುಂಡು ಎ ಅಕ್ಷರದ ಬಟ್ಟಲನ್ನೇ ಕತ್ತರಿಸಿ ತಂದು ತಕಾರದ ಹೊಟ್ಟೆಗೆ ಜೋಡಿಸಿದೆ, ಎರಡೂ ಲಿಪಿ ಒಂದೇ ರಕ್ತದವು ಎಂದು ಕಾಣಲಿ ಎಂದು. ಪರದೆಯ ಮೇಲೆ ಬಹಳ ಜಾಣತನವಾಗಿ ಕಂಡಿತು. ಗ್ರಾಹಕರ ತಾಯಿ ನೋಡಿ, 'ಇದೇನಪ್ಪಾ, ಅಕ್ಷರಕ್ಕೆ ಬಾವು ಬಂದಿದೆಯಾ?' ಎಂದರು. ಅಲ್ಲಿಗೆ ಬಿಟ್ಟೆ. ಬಟ್ಟಲನ್ನು ಬಿಟ್ಟು ಗೆರೆಯ ತುದಿ ಕತ್ತರಿಸುವ ಕೋನವನ್ನಷ್ಟೇ ಎರಡಕ್ಕೂ ಒಂದೇ ಮಾಡಿದೆ. ನಂಟು ಕಾಣಲು ಅಷ್ಟು ಸಾಕಾಯಿತು.

ಈಗ ಲೆಕ್ಕದಿಂದ ಹೊರಗಿಟ್ಟ ಒತ್ತಿನ ಕಥೆ. ಫಲಕಕ್ಕೆ ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ. ಎರಡನ್ನೂ ನಡುಗೆರೆಗೆ ಹೊಂದಿಸಿದರೆ ಒತ್ತು ನೇರವಾಗಿ ಎರಡನೆಯ ಟಿ ಅಕ್ಷರದ ನೆತ್ತಿಗೆ ಬಡಿಯುತ್ತಿತ್ತು. ಬಡಿಯದಿರಲೆಂದು ಸಾಲುಗಳನ್ನು ದೂರ ಮಾಡಿದರೆ ಎರಡು ಬೇರೆ ಅಂಗಡಿಗಳ ಹೆಸರಿನಂತೆ ಕಂಡಿತು. ಒತ್ತನ್ನು ಕುಗ್ಗಿಸಿ ನೋಡಿದೆ. ತಕಾರದ ಒತ್ತಿಗೂ ಮೂಲ ತಕಾರಕ್ಕೂ ರೂಪದಲ್ಲಿ ಹೋಲಿಕೆಯಿಲ್ಲ, ಆದ್ದರಿಂದ ತೀರ ಸಣ್ಣದಾದರೆ ಊಹಿಸಿ ಓದಲೂ ಆಗುವುದಿಲ್ಲ. ಕೊನೆಗೆ ದಾರಿ ಇಂಗ್ಲಿಷಿನಲ್ಲೇ ಸಿಕ್ಕಿತು. ಟಿ ಮತ್ತು ಎಲ್ ನಡುವೆ ಕುಳ್ಳ ಎ ಕುಳಿತಿದೆ, ಅದರ ಮೇಲೆ ಒಂದು ಗುಂಡಿಯಷ್ಟು ಜಾಗ ಖಾಲಿ. ಕನ್ನಡವನ್ನು ನಡುಗೆರೆಯಿಂದ ಸ್ವಲ್ಪ ಬಲಕ್ಕೆ ಸರಿಸಿದಾಗ ಒತ್ತು ಆ ಗುಂಡಿಯೊಳಗೆ ಇಳಿದು ಕುಳಿತಿತು, ಸಾಲುಗಳ ಅಂತರ ಸುಮಾರು ಮೂರನೇ ಒಂದು ಪಾಲು ಕಡಿಮೆಯಾಯಿತು. ಬಲಕ್ಕೆ ಸರಿದದ್ದು ಇಂದಿಗೂ ಯಾರ ಕಣ್ಣಿಗೂ ಬಿದ್ದಿಲ್ಲ. ಇದು ನನ್ನ ಅದೃಷ್ಟ ಎಂದು ಒಬ್ಬರು ಹೇಳಿದರು. ಇರಬಹುದು, ಆದರೆ ಅಲ್ಲಿ ಹುಡುಕಿದವನು ನಾನು ತಾನೇ.

ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಒಳಗೆ ಬೆಳಕಿರುವ ಅಕ್ರಿಲಿಕ್ ಅಕ್ಷರ ಮಾಡುವವರು ಫೋನ್ ಮಾಡಿ ಒತ್ತಿನೊಳಗೆ ಎಲ್‌ಇಡಿ ಕೂರುವುದಿಲ್ಲ ಎಂದರು. ಒಡಲಿನ ಗೆರೆಯ ದಪ್ಪದ ಮುಕ್ಕಾಲಷ್ಟೇ ಒತ್ತಿಗೆ ಕೊಟ್ಟಿದ್ದೆ, ಕಾಗದದ ಮೇಲೆ ಅದೇ ಚೆನ್ನ. ಅವರು ಕೇಳುವ ಮೊದಲೇ ಒಂದು ಸೆಟ್ ಕತ್ತರಿಸಿದ್ದರು. ಏಳು ಸಾವಿರದಷ್ಟು ನನ್ನ ಜೇಬಿನಿಂದ ಹೋಯಿತು. ಫಲಕಕ್ಕೆಂದೇ ಒತ್ತನ್ನು ಒಡಲಿನ ದಪ್ಪದ ಸುಮಾರು ಶೇ 90ಕ್ಕೆ ಏರಿಸಿ, ಸುರುಳಿಯನ್ನು ಬಿಚ್ಚಿ ಬರೆದೆ. ಬೆಳಕಿನ ಅಕ್ಷರ ರಾತ್ರಿಯಲ್ಲಿ ಉಬ್ಬಿ ಕಾಣುತ್ತದೆ, ಹೀಗಾಗಿ ಒಡಲಿನ ಒಳಬಿಳಿಯನ್ನೂ ತುಸು ಅಗಲಿಸಬೇಕಾಯಿತು. ಲೇಬಲ್‌ನ ಸಣ್ಣ ಗಾತ್ರಕ್ಕೆ ಇನ್ನೂ ತೆಳುವಾದ ಮೂರನೆಯ ರೂಪ. ಒಂದು ಲೋಗೊ ಎಂದು ಬಿಲ್ ಮಾಡಿ ಮೂರು ಕೊಟ್ಟಂತಾಯಿತು. ಈಗ ಅಂದಾಜುಪಟ್ಟಿಯಲ್ಲಿ ಫಲಕ, ಅಕ್ಕಪಕ್ಕ, ಸಣ್ಣ ಗಾತ್ರ ಎಂದು ಮೂರು ಸಾಲು ಬೇರೆಬೇರೆಯಾಗಿ ಬರೆಯುತ್ತೇನೆ; ಕಳೆದ ಕೆಲಸಕ್ಕೆ ಮೂವತ್ತೈದು ಸಾವಿರ ಸಿಕ್ಕಿತು, ಯಾರೂ ಚೌಕಾಶಿ ಮಾಡಲಿಲ್ಲ.

ಒಂದು ಕೊರತೆ ಉಳಿದಿದೆ. ಅಕ್ಕಪಕ್ಕದ ರೂಪದಲ್ಲಿ ಏತ್ವದ ತುದಿ ಇಂಗ್ಲಿಷಿನ ಕೆ ಕಡೆಗೆ ಕೈಚಾಚಿದಂತಿರುತ್ತದೆ. ನಡುವಿನ ಅಂತರ ಎಷ್ಟು ಬದಲಿಸಿದರೂ ಅದು ಹೋಗಲಿಲ್ಲ. ಗ್ರಾಹಕರಿಗೆ ಅದೇ ಇಷ್ಟವಂತೆ.

ಒಂದೇ ಫಾಂಟಿನಲ್ಲಿ ಟೈಪ್ ಮಾಡಿ ಮುಗಿಸಿ ಎಂದಿದ್ದವರು ಕಳೆದ ತಿಂಗಳು ಫೋನ್ ಮಾಡಿದ್ದರು. ಅವರ ಕೈಯಲ್ಲೊಂದು ಹೆಸರಿದೆಯಂತೆ, ಅದರಲ್ಲಿ ಎರಡು ಒತ್ತು. ಕಿತ್ತಳೆಯ ಮೂಲ ಫೈಲ್ ಕಳುಹಿಸುತ್ತೀರಾ ಎಂದು ಕೇಳಿದರು. ಪಿಎನ್‌ಜಿ ಕಳುಹಿಸಿದೆ.