ಕಾರವಾರದ ಸೆಕೆಯಲ್ಲಿ ಡ್ರ್ಯಾಗನ್‌ಗೆ ತಂಪು ತುದಿ ಮಾಡಿಕೊಡುವುದು ಹೇಗೆ?

ಬಿಯರ್ಡೆಡ್ ಡ್ರ್ಯಾಗನ್ ಅನ್ನುವ ಓತಿಕ್ಯಾತ ಸಾಕುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶದವರು ಬರೆದದ್ದು. ಪೆಟ್ಟಿಗೆಯನ್ನು ಬಿಸಿ ಮಾಡುವುದು ಹೇಗೆ ಅಂತ ಪುಟಗಟ್ಟಲೆ ಹೇಳುತ್ತಾರೆ. ಏಪ್ರಿಲ್ ಮಧ್ಯಾಹ್ನ ಕಾರವಾರದಲ್ಲಿ ಫ್ಯಾನ್ ಕೆಳಗೂ ಬೆವರುವ ನಮಗೆ ಆ ಚಿಂತೆ ಇಲ್ಲ. ಬಲ್ಬ್ ಹಾಕಿದರೆ ಬಿಸಿ ಬಂದೇ ಬರುತ್ತದೆ. ನಮಗೆ ಕಷ್ಟವಾಗುವುದು ಪೆಟ್ಟಿಗೆಯ ಇನ್ನೊಂದು ತುದಿ, ಪ್ರಾಣಿ ಬಿಸಿ ಸಾಕಾಯಿತು ಅಂತ ಹೋಗಿ ಕೂರಬೇಕಾದ ಜಾಗ.

ಶುರು ಮಾಡುವ ಮೊದಲು ಒಂದು ಮಾತು. ನಮ್ಮ ಕಾಡಿನ ಉಡ, ಹೆಬ್ಬಾವು, ನಕ್ಷತ್ರ ಆಮೆ ಇವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಹೊರದೇಶದ ಪ್ರಾಣಿಯಾದರೂ ಬಿಲ್ ಇಟ್ಟುಕೊಳ್ಳಿ, ನೋಂದಣಿ ಬೇಕಾ ಅಂತ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ.

ಎರಡು ತುದಿ ಯಾಕೆ ಬೇಕು

ನಮ್ಮ ಮೈ ಒಳಗಿನಿಂದಲೇ ಬಿಸಿ ಮಾಡಿಕೊಳ್ಳುತ್ತದೆ, ಜಾಸ್ತಿಯಾದರೆ ಬೆವರುತ್ತದೆ. ಡ್ರ್ಯಾಗನ್‌ಗೆ ಈ ಎರಡೂ ಇಲ್ಲ. ಅದು ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿನ ಪ್ರಾಣಿ. ಬೆಳಗ್ಗೆ ಬಿಸಿಲಿಗೆ ಬರುತ್ತದೆ, ಮೈ ಕಾದ ಮೇಲೆ ನೆರಳಿಗೆ ಸರಿಯುತ್ತದೆ, ಮತ್ತೆ ಬರುತ್ತದೆ. ಹೀಗೆ ಜಾಗ ಬದಲಿಸಿಯೇ ಅದು ಮೈಯನ್ನು 35-36 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಟ್ಟುಕೊಳ್ಳುವುದು. ಆ ಬಿಸಿ ಬಂದರೇನೇ ತಿಂದದ್ದು ಸರಿಯಾಗಿ ಕರಗುತ್ತದೆ. ಬರದಿದ್ದರೆ ಹುಳ, ಸೊಪ್ಪು ಹೊಟ್ಟೆಯಲ್ಲೇ ಕೂತುಬಿಡುತ್ತದೆ. ಬಿಸಿ ಮಿತಿ ಮೀರಿದರೆ ಪ್ರಾಣಕ್ಕೇ ಕುತ್ತು, ಅದೂ ಬಹಳ ಬೇಗ.

ಹಾಗಾದರೆ ಇಡೀ ಪೆಟ್ಟಿಗೆಯನ್ನು 35ಕ್ಕೆ ಇಟ್ಟರಾಯ್ತು ಅಲ್ವಾ ಅಂತ ಕೆಲವರು ಕೇಳುತ್ತಾರೆ. ಆಗಲ್ಲ. ಹೊಟ್ಟೆ ತುಂಬಿದಾಗ ಅದಕ್ಕೆ ಬೇಕಾದ ಬಿಸಿ ಬೇರೆ, ನಿದ್ದೆಗೆ ಬೇಕಾದದ್ದು ಬೇರೆ, ಪೊರೆ ಬಿಡುವಾಗ ಇನ್ನೂ ಬೇರೆ. ಈ ಗಳಿಗೆಗೆ ಯಾವುದು ಬೇಕು ಅನ್ನುವುದು ಅದಕ್ಕೆ ಗೊತ್ತು, ನಮಗೆ ಗೊತ್ತಾಗುವುದಿಲ್ಲ. ಹಾಗಾಗಿ ಒಂದು ತುದಿಯಲ್ಲಿ ಕಲ್ಲಿನ ಮೇಲ್ಮೈ 38ರಿಂದ 42 ಡಿಗ್ರಿ, ಇನ್ನೊಂದು ತುದಿಯಲ್ಲಿ ಗಾಳಿ 24ರಿಂದ 28 ಡಿಗ್ರಿ ಇರಲಿ, ನಡುವೆ ಹಂತ ಹಂತವಾಗಿ ಇಳಿಯಲಿ. ಎಲ್ಲಿ ಕೂರಬೇಕು ಅಂತ ಅದೇ ನೋಡಿಕೊಳ್ಳುತ್ತದೆ. ಇಲ್ಲಿ ಒಂದು ಗಮನಿಸಿ. 40 ಅನ್ನುವುದು ಕಲ್ಲಿನ ಬಿಸಿ, ಪ್ರಾಣಿಯ ಮೈ ಬಿಸಿ ಅಲ್ಲ. ಮೈ ಅಷ್ಟು ಕಾಯುವ ಮೊದಲೇ ಅದು ಎದ್ದು ಹೋಗುತ್ತದೆ. ಹೋಗಲು ಜಾಗ ಇದ್ದರೆ.

ತಂಪು ತುದಿಯ ಲೆಕ್ಕ

ಬಲ್ಬ್ ಬಿಸಿಯನ್ನು ಸೇರಿಸುತ್ತದೆ, ತೆಗೆಯುವುದಿಲ್ಲ. ಅಂದಮೇಲೆ ಪೆಟ್ಟಿಗೆಯ ಯಾವ ಮೂಲೆಯೂ ಕೋಣೆಗಿಂತ ತಂಪಾಗುವುದಿಲ್ಲ. ಕೋಣೆ 33 ಇದ್ದರೆ ತಂಪು ತುದಿ 33ರ ಕೆಳಗೆ ಇಳಿಯುವ ಮಾತೇ ಇಲ್ಲ, ಬಲ್ಬ್‌ನ ಬಿಸಿ ಸೇರಿ 35, 36 ಆಗುತ್ತದೆ. ಹಾಗಾಗಿ ಕರಾವಳಿಯಲ್ಲಿ ಕೆಲಸ ಶುರುವಾಗುವುದು ಬಲ್ಬ್‌ನಿಂದಲ್ಲ, ಕೋಣೆಯಿಂದ. ಮಧ್ಯಾಹ್ನ ಎರಡು ಗಂಟೆಗೆ ಮನೆಯ ಪ್ರತಿ ಕೋಣೆಯ ಬಿಸಿ ಅಳೆಯಿರಿ. ತಾರಸಿ ಕೆಳಗಿನ ಮಹಡಿ ಕೋಣೆಗೂ ಕೆಳ ಅಂತಸ್ತಿನ ಉತ್ತರ ಬದಿಯ ಕೋಣೆಗೂ ಮೂರ್ನಾಲ್ಕು ಡಿಗ್ರಿ ವ್ಯತ್ಯಾಸ ಸಿಗುತ್ತದೆ. ಪಡುವಣ ಗೋಡೆಗೆ ತಾಗಿಸಿ ಇಡಬೇಡಿ, ಸಂಜೆ ಬಿಸಿಲಿಗೆ ಆ ಗೋಡೆ ರಾತ್ರಿವರೆಗೆ ಬಿಸಿ ಬಿಡುತ್ತಲೇ ಇರುತ್ತದೆ. ಎತ್ತರದ ಸ್ಟ್ಯಾಂಡ್‌ಗಿಂತ ತಗ್ಗಿನಲ್ಲಿ, ಆದರೆ ಯಾವ ಹೊತ್ತಿನಲ್ಲೂ ನೇರ ಬಿಸಿಲು ಬೀಳದ ಕಡೆ ಇಡಿ.

ಒಂದು ಉದಾಹರಣೆ ಹೇಳುತ್ತೇನೆ. ಕೋಡಿಬಾಗದ ಗೆಳೆಯನ ಮನೆ. ಮೂರಡಿ ಉದ್ದದ ಗಾಜಿನ ಪೆಟ್ಟಿಗೆ, ಮಹಡಿ ಕೋಣೆಯಲ್ಲಿ, ಮುಚ್ಚಳದ ನಟ್ಟನಡುವೆ 100 ವಾಟ್ ಬಲ್ಬ್. ಡ್ರ್ಯಾಗನ್ ಒಂದು ಮೂಲೆಯಲ್ಲಿ ಗಾಜಿಗೆ ಒತ್ತಿಕೊಂಡು ಬಾಯಿ ತೆರೆದು ಕೂತಿತ್ತು, ಆಗಾಗ ಎದ್ದು ಗಾಜನ್ನು ಕೆರೆಯುತ್ತಿತ್ತು. "ಊಟ ಬಿಟ್ಟಿದೆ ಮಾರಾಯ, ರೋಗ ಇರಬೇಕು" ಅಂದ. ಅಳೆದು ನೋಡಿದರೆ ಕಲ್ಲು 52, ಎರಡೂ ಮೂಲೆ 36ರ ಮೇಲೆ, ಕೋಣೆ 33. ಬಲ್ಬ್ ನಡುವೆ ಇದ್ದದ್ದರಿಂದ ಎರಡೂ ಕಡೆ ಒಂದೂವರೆ ಅಡಿ ಮಾತ್ರ ದೂರ. ಹೋಗಲು ಜಾಗವೇ ಇರಲಿಲ್ಲ.

ಮಾಡಿದ್ದು ಇಷ್ಟು. ಪೆಟ್ಟಿಗೆಯನ್ನು ಕೆಳಗಿನ ಕೋಣೆಗೆ ತಂದೆವು, ಅಲ್ಲಿ 29 ಇತ್ತು. ಬಲ್ಬನ್ನು ಪೂರ್ತಿ ಎಡ ತುದಿಗೆ ಸರಿಸಿ, 100 ವಾಟ್ ತೆಗೆದು 50 ವಾಟ್‌ನ ಹ್ಯಾಲೊಜನ್ ಸ್ಪಾಟ್ ಬಲ್ಬ್ ಹಾಕಿ ಸ್ವಲ್ಪ ಕೆಳಗಿಳಿಸಿದೆವು. ಮುಚ್ಚಳದ ಗಾಜಿನ ಬದಲು ಜಾಲರಿ ಬಂತು. ಕಲ್ಲು 40ಕ್ಕೆ ನಿಂತಿತು, ನಡುವೆ 32, ಬಲ ತುದಿ 30. ಪುಸ್ತಕದ ಲೆಕ್ಕದಲ್ಲಿ ತಂಪು ತುದಿ ಇನ್ನೂ ಎರಡು ಡಿಗ್ರಿ ಜಾಸ್ತಿಯೇ. ಆದರೆ ಏಪ್ರಿಲ್‌ನಲ್ಲಿ ಎಸಿ ಇಲ್ಲದೆ ಇಲ್ಲಿ ಅದಕ್ಕಿಂತ ಕೆಳಗೆ ತರುವುದು ಕಷ್ಟ, ಹತ್ತು ಡಿಗ್ರಿ ಅಂತರ ಇದ್ದರೆ ಪ್ರಾಣಿ ನಿಭಾಯಿಸಿಕೊಳ್ಳುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ದೊಡ್ಡ ಬಲ್ಬ್ ದೂರದಲ್ಲಿ ಇಡುವುದಕ್ಕಿಂತ ಚಿಕ್ಕ ಬಲ್ಬ್ ಹತ್ತಿರ ಇಡುವುದು ನಮ್ಮ ಊರಿಗೆ ಯಾಕೆ ಒಳ್ಳೆಯದು ಅಂದರೆ, ಕಲ್ಲಿಗೆ ಬೀಳುವ ಬಿಸಿ ಎರಡರಲ್ಲೂ ಒಂದೇ ಮಾಡಿಕೊಳ್ಳಬಹುದು, ಆದರೆ ಪೆಟ್ಟಿಗೆಯೊಳಗೆ ಒಟ್ಟು ಸೇರುವ ಬಿಸಿ ಅರ್ಧಕ್ಕೆ ಇಳಿಯುತ್ತದೆ. ಚಳಿ ದೇಶದಲ್ಲಿ ಆ ಹೆಚ್ಚಿನ ಬಿಸಿ ಉಪಯೋಗಕ್ಕೆ ಬರುತ್ತದೆ, ಇಲ್ಲಿ ಅದೇ ತಲೆನೋವು. ಆದರೆ ತೀರಾ ಹತ್ತಿರ ತಂದರೆ ಬೆನ್ನಿನ ಒಂದೇ ಜಾಗ ಸುಡುತ್ತದೆ. ಬೆಳಕಿನ ವೃತ್ತ ಪ್ರಾಣಿಯ ಇಡೀ ಮೈ ಮುಚ್ಚುವಷ್ಟು ಅಗಲ ಇರಬೇಕು, ಅದೇ ಮಿತಿ. ಇನ್ನು ಎಲ್‌ಇಡಿ ಬಲ್ಬ್ ಹಾಕಿ ಬಿಸಿಯೇ ಬರಲ್ಲ ಅನ್ನಬೇಡಿ, ಅದು ಬೆಳಕಿಗೆ ಮಾತ್ರ. ಹೋಲ್ಡರ್ ಪಿಂಗಾಣಿಯದ್ದೇ ಇರಲಿ, ಪ್ಲಾಸ್ಟಿಕ್‌ದು ಕರಗುತ್ತದೆ.

ಹೊಸದಾಗಿ ಮಾಡಿಸುವವರು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ್ದೇ ಮಾಡಿಸಿ. ಎರಡಡಿ ಪೆಟ್ಟಿಗೆಯಲ್ಲಿ ಏನೇ ಸರ್ಕಸ್ ಮಾಡಿದರೂ ಎರಡು ತುದಿ ಆಗುವುದಿಲ್ಲ. ಬಿಸಿ ತುದಿಯ ಮೇಲೆ ಜಾಲರಿ, ತಂಪು ತುದಿಯ ಕೆಳಗೆ ಪಕ್ಕದಲ್ಲಿ ಒಂದು ಸಾಲು ತೂತು ಇರಲಿ. ಬಿಸಿ ಗಾಳಿ ಮೇಲಿಂದ ಹೋಗುತ್ತಿದ್ದಂತೆ ಕೆಳಗಿನಿಂದ ಕೋಣೆಯ ಗಾಳಿ ಒಳಗೆ ಬರುತ್ತದೆ. ಬಲ್ಬ್ ಕೆಳಗೆ ಚಿರೆಕಲ್ಲಿನ ತುಂಡು ಇಡಿ. ಅದರ ಒರಟು ಮೈಗೆ ಉಗುರು ಹಿಡಿಯುತ್ತದೆ, ಕಾದದ್ದು ಬೇಗ ಆರುವುದೂ ಇಲ್ಲ. ತಂಪು ತುದಿಗೆ ಒಂದು ಮಂಗಳೂರು ಹಂಚು ಬೋರಲು ಎತ್ತಿ ಇಟ್ಟರೆ ನೆರಳೂ ಆಯಿತು, ಅಡಗುವ ಜಾಗವೂ ಆಯಿತು. ಅಂಗಡಿಯಲ್ಲಿ ಸಿಗುವ ಕರೆಂಟ್‌ನ ಬಿಸಿ ಕಲ್ಲು ಬೇಡವೇ ಬೇಡ, ಹೊಟ್ಟೆ ಸುಟ್ಟ ಪ್ರಾಣಿಗಳು ಬೇಕಾದಷ್ಟಿವೆ.

ಒದ್ದೆ ಗೋಣಿಚೀಲ ಇಲ್ಲಿ ನಡೆಯಲ್ಲ

ಪೆಟ್ಟಿಗೆ ಮೇಲೆ ಒದ್ದೆ ಬಟ್ಟೆ ಹಾಕಿ, ನೀರು ಸಿಂಪಡಿಸಿ ಅಂತ ಬಯಲುಸೀಮೆಯವರು ಹೇಳುತ್ತಾರೆ. ಅಲ್ಲಿ ಗಾಳಿ ಒಣಗಿರುತ್ತದೆ, ನೀರು ಆರುವಾಗ ತಂಪಾಗುತ್ತದೆ. ಕಾರವಾರದಲ್ಲಿ ಮೈ ಬೆವರೇ ಆರುವುದಿಲ್ಲ, ಬಟ್ಟೆ ಎಲ್ಲಿಂದ ಆರಬೇಕು? ಬಿಸಿ ಹಾಗೇ ಉಳಿದು ತೇವ ಮಾತ್ರ ಏರುತ್ತದೆ. ಒಣ ನಾಡಿನ ಈ ಪ್ರಾಣಿಗೆ ಅದರಿಂದ ಉಸಿರಾಟದ ಸೋಂಕು ಬರಬಹುದು. ತೀರಾ ಸೆಕೆಯ ದಿನ ಕೋಣೆಗೆ ಎಸಿ ಹಾಕಿ. ಇಲ್ಲದಿದ್ದರೆ ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ತಟ್ಟೆಯಲ್ಲಿಟ್ಟು ತಂಪು ತುದಿಯ ಗಾಜಿಗೆ ಹೊರಗಿನಿಂದ ತಾಗಿಸಿ, ಒಳಗೆ ಇಡಬೇಡಿ.

ಕೋಣೆಯೇ 33 ದಾಟುವ ದಿನಗಳಲ್ಲಿ ಸುಲಭದ ದಾರಿ ಸ್ವಿಚ್ಚು. ಬೆಳಗ್ಗೆ ಏಳರಿಂದ ಹತ್ತೂವರೆವರೆಗೆ ಬಿಸಿ ಬಲ್ಬ್ ಹಾಕಿ, ಆಮೇಲೆ ಆರಿಸಿಬಿಡಿ. ಯುವಿ ಟ್ಯೂಬ್ ಉರಿಯುತ್ತಿರಲಿ, ಅದು ಬಿಸಿ ಕೊಡುವುದು ಅಷ್ಟಕ್ಕಷ್ಟೆ, ಮೂಳೆಗೆ ಬೇಕು. ಬೆಳಗ್ಗೆ ಒಂದು ಗಂಟೆ ಮೈ ಕಾಯಿಸಿಕೊಂಡ ಮೇಲೆ ಊಟ ಕೊಟ್ಟರೆ ಮಧ್ಯಾಹ್ನದ ಕೋಣೆಯ ಬಿಸಿಯಲ್ಲೇ ಅರಗಿಸಿಕೊಳ್ಳುತ್ತದೆ.

ಅಳೆಯುವುದು

ಗಾಜಿಗೆ ಅಂಟಿಸುವ ದುಂಡನೆ ಮುಳ್ಳಿನ ಥರ್ಮಾಮೀಟರ್ ನಂಬಬೇಡಿ, ಅದು ಗಾಜಿನ ಪಕ್ಕದ ಗಾಳಿಯ ಕಥೆ ಹೇಳುತ್ತದೆ. ಕಲ್ಲಿಗೆ ಇನ್‌ಫ್ರಾರೆಡ್ ಗನ್, ತಂಪು ತುದಿಗೆ ವೈರ್ ಇರುವ ಡಿಜಿಟಲ್ ಮೀಟರ್, ಇವೆರಡು ಸಾಕು. ಗನ್ನನ್ನು ಗಾಜಿನ ಹೊರಗಿಂದ ಹಿಡಿದರೆ ಗಾಜಿನದ್ದೇ ಬಿಸಿ ತೋರಿಸುತ್ತದೆ, ಬಾಗಿಲು ತೆಗೆದೇ ಅಳೆಯಿರಿ. ಬಲ್ಬ್ ಹಾಕಿದ ಕೂಡಲೇ ಅಳೆದರೂ ಉಪಯೋಗ ಇಲ್ಲ, ಕಲ್ಲು ಕಾಯಲು ಒಂದೆರಡು ಗಂಟೆ ಬಿಡಿ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಪ್ರಾಣಿ ಕಲ್ಲಿನ ಮೇಲೆ ಕೂತಾಗ ಅದರ ಬೆನ್ನು ಬಲ್ಬ್‌ಗೆ ಇನ್ನೂ ನಾಲ್ಕೈದು ಸೆಂಟಿಮೀಟರ್ ಹತ್ತಿರ ಇರುತ್ತದೆ. ಕಲ್ಲಿನ ಮೇಲೆ ಅಷ್ಟೇ ಎತ್ತರದ ಮರದ ತುಂಡು ಇಟ್ಟು ಅದರ ಮೇಲ್ಭಾಗವನ್ನೂ ಅಳೆಯಿರಿ.

ಹೆಚ್ಚುಕಮ್ಮಿಯಾದರೆ ಡಿಮ್ಮರ್‌ನಲ್ಲಿ ಸರಿಮಾಡಿ. ಥರ್ಮೋಸ್ಟಾಟ್ ಹಾಕುವವರು ಅದರ ಸೆನ್ಸರ್ ವೈರನ್ನು ಬಿಸಿ ತುದಿಯಲ್ಲೇ ಗಟ್ಟಿಯಾಗಿ ಕಟ್ಟಿ. ಪ್ರಾಣಿ ಎಳೆದಾಡಿ ಅದು ತಂಪು ತುದಿಗೆ ಬಿದ್ದರೆ, ಬಿಸಿ ಸಾಲದು ಅಂದುಕೊಂಡು ಬಲ್ಬ್ ಆರದೆ ಉರಿಯುತ್ತಲೇ ಇರುತ್ತದೆ.

ಮೀಟರ್‌ಗಿಂತ ಪ್ರಾಣಿಯೇ ಚೆನ್ನಾಗಿ ಹೇಳುತ್ತದೆ. ಬೆಳಗ್ಗೆ ನೋಡಿ, ಬೆನ್ನು ಕಪ್ಪಗೆ ಮಾಡಿಕೊಂಡು, ಮೈಯನ್ನು ದೋಸೆ ಹಾಗೆ ಚಪ್ಪಟೆ ಮಾಡಿ ಬಲ್ಬ್ ಕೆಳಗೆ ಮಲಗುತ್ತದೆ. ಕಪ್ಪು ಬಣ್ಣ ಬಿಸಿಯನ್ನು ಬೇಗ ಹೀರುತ್ತದೆ. ಕಾಯುತ್ತಾ ಹೋದಂತೆ ಬಣ್ಣ ತಿಳಿಯಾಗುತ್ತದೆ, ಸ್ವಲ್ಪ ಹೊತ್ತು ಬಾಯಿ ತೆರೆಯುತ್ತದೆ, ಆಮೇಲೆ ಎದ್ದು ತಂಪಿಗೆ ನಡೆಯುತ್ತದೆ. ಬಲ್ಬ್ ಕೆಳಗೆ ಬಾಯಿ ತೆರೆಯುವುದು ಸಹಜ. ತಂಪು ತುದಿಯಲ್ಲಿ ಕೂತೂ ಬಾಯಿ ತೆರೆದೇ ಇದ್ದರೆ ಅದು ಬಿಸಿ ಜಾಸ್ತಿಯಾದ ಲಕ್ಷಣ, ಕೂಡಲೇ ಬಲ್ಬ್ ಆರಿಸಿ. ಆರಿಸಿ ತಂಪಾದ ಮೇಲೂ ಹಾಗೇ ಇದ್ದರೆ, ಮೂಗು ಬಾಯಲ್ಲಿ ಲೋಳೆ ಕಂಡರೆ ಪಶುವೈದ್ಯರಿಗೆ ತೋರಿಸಿ. ಇಡೀ ದಿನ ಕಪ್ಪಗೇ ಇದ್ದು ಬಲ್ಬ್ ಬಿಟ್ಟು ಅಲುಗದಿದ್ದರೆ, ಹಿಕ್ಕೆಯಲ್ಲಿ ಸೊಪ್ಪು ಹಾಗೇ ಬಂದರೆ, ಬಿಸಿ ಸಾಲುತ್ತಿಲ್ಲ.

ಮಳೆಗಾಲದಲ್ಲಿ ಲೆಕ್ಕ ತಿರುಗುತ್ತದೆ. ಜುಲೈನಲ್ಲಿ ಕೋಣೆ 27ರ ಹತ್ತಿರ ಇರುವುದರಿಂದ ತಂಪು ತುದಿ ತಾನಾಗೇ ಸರಿಯಾಗುತ್ತದೆ, ಬಲ್ಬ್‌ನ ಬಿಸಿ ಸ್ವಲ್ಪ ಏರಿಸಬೇಕಾಗಬಹುದು ಅಷ್ಟೆ. ಗಾಳಿಗೆ ಕರೆಂಟ್ ಹೋಗಿ ಅರ್ಧ ದಿನ ಬರದಿದ್ದರೂ ದೊಡ್ಡ ಡ್ರ್ಯಾಗನ್‌ಗೆ ಏನೂ ಆಗುವುದಿಲ್ಲ, ಬಲ್ಬ್ ಮತ್ತೆ ಉರಿದು ಮೈ ಕಾಯುವವರೆಗೆ ಊಟ ಕೊಡಬೇಡಿ.

ಶಿರಸಿಯವರದ್ದು ಬೇರೆಯೇ ಪಾಡು. ಘಟ್ಟದ ಮೇಲೆ ಡಿಸೆಂಬರ್ ರಾತ್ರಿ ಹಂಚಿನ ಮನೆಯೊಳಗೂ ಥಂಡಿ ಇಳಿಯುತ್ತದೆ. ಪೆಟ್ಟಿಗೆಯೊಳಗೆ ರಾತ್ರಿ 18 ಡಿಗ್ರಿವರೆಗೆ ಇಳಿದರೆ ಪರವಾಗಿಲ್ಲ. ಅದಕ್ಕೂ ಕೆಳಗೆ ಹೋದರೆ ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಪಿಂಗಾಣಿ ಹೀಟರ್ ಹಾಕಿ. ಕೆಂಪು ಬಲ್ಬ್ ಬೇಡ, ನಿದ್ದೆ ಕೆಡುತ್ತದೆ. ಅಲ್ಲಿ ಸಂಜೆ ಊಟ ಕೊಡುವುದನ್ನೂ ಬಿಡಿ, ಬಲ್ಬ್ ಆರುವ ಮೊದಲು ಅರಗಿಸಿಕೊಳ್ಳಲು ಮೂರ್ನಾಲ್ಕು ಗಂಟೆ ಬಿಸಿ ಅದಕ್ಕೆ ಸಿಗಬೇಕು.