ಸೋಬಾನೆಯ ಎತ್ತರದ ದನಿಯಲ್ಲಿ ಫಾರ್ಮೆಂಟ್ ಹಿಡಿದೆ

"ಹೆಂಗಸರು ಎತ್ತರದ ಶ್ರುತಿಯಲ್ಲಿ ಹಾಡಿದ್ದರಲ್ಲಿ ಫಾರ್ಮೆಂಟ್ ಹುಡುಕಬೇಡ ಮಾರಾಯ, ಸಿಗೋದು ಬರೀ ಹಾರ್ಮೋನಿಕ್ಕು" ಎಂದು ಗೆಳೆಯರು ನಗುತ್ತಿದ್ದರು. ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ಬರ ಸೋಬಾನೆ ಪದದಲ್ಲಿ ನಾನು ಹಿಡಿದು ತೋರಿಸಿದ ಮೇಲೆ ನಗು ನಿಂತಿದೆ. ಹಾರ್ಮೋನಿಕ್ ಅಂದರೆ ಶ್ರುತಿ ಮತ್ತು ಅದರ ಎರಡು, ಮೂರು ಪಟ್ಟಿನ ಕಂಪನಗಳು. ಫಾರ್ಮೆಂಟ್ ಅಂದರೆ ಬಾಯಿಯ ಆಕಾರದಿಂದ ದನಿ ಜೋರಾಗುವ ಜಾಗ.

ದನಿಯನ್ನು ಚಿತ್ರವಾಗಿ ತೋರಿಸುವ ತಂತ್ರಾಂಶ ಪ್ರಾಟ್‌ನಲ್ಲಿ Window length, ಅಂದರೆ ಒಮ್ಮೆಗೆ ಅಳೆಯುವ ದನಿಯ ತುಣುಕು, ಮೊದಲೇ 0.005 ಸೆಕೆಂಡ್ ಇರುತ್ತದೆ. ಅದನ್ನೇ ಎಲ್ಲರೂ ವೈಡ್‌ಬ್ಯಾಂಡ್ ಅಂತಾರೆ. ಬ್ಯಾಂಡಿನ ಅಗಲ ಸುಮಾರು 260 ಹರ್ಟ್ಸ್, ಅದಕ್ಕಿಂತ ಹತ್ತಿರದ ಹಾರ್ಮೋನಿಕ್‌ಗಳು ಬೇರೆಬೇರೆಯಾಗಿ ಕಾಣೋದಿಲ್ಲ. 110 ಹರ್ಟ್ಸಿನ ಗಂಡು ದನಿಗೆ ಅದು ಸರಿ. ಈ ಅಜ್ಜಿ ಹಾಡುವುದು 300ರ ಆಸುಪಾಸಿನಲ್ಲಿ. ಹಾರ್ಮೋನಿಕ್‌ಗಳ ನಡುವಿನ ಅಂತರವೇ ಬ್ಯಾಂಡಿಗಿಂತ ಜಾಸ್ತಿ. ಅಂದ ಮೇಲೆ ಅವರ ದನಿಗೆ ಅದು ನ್ಯಾರೋಬ್ಯಾಂಡೇ ಅಲ್ವಾ? ಸದ್ದು ಜೋರಿದ್ದಲ್ಲಿ ಚಿತ್ರ ಕಪ್ಪಾಗುತ್ತದೆ. 'ಆ' ಹಾಡಿದಾಗ 900 ಮತ್ತು 1200ರಲ್ಲಿ ಕಪ್ಪು ಪಟ್ಟಿ ಬಂತು. ಫಾರ್ಮೆಂಟ್ ಇಲ್ಲಿದೆ ಅಂತ ಪ್ರಾಟ್ ಇಡುವ ಕೆಂಪು ಚುಕ್ಕಿಗಳೂ ಹೋಗಿ ಅಲ್ಲೇ ಕೂತವು. ಶ್ರುತಿ ಏರಿದರೆ ಪಟ್ಟಿಯೂ ಏರಿತು. ಬಾಯಿ ಹಾಗೇ ಇದ್ದು ಪಟ್ಟಿ ಮಾತ್ರ ಏರಿದರೆ ಅದು ಫಾರ್ಮೆಂಟ್ ಅಲ್ಲ.

ಹೊಸ ಮೈಕ್ ತಂದರೆ ಸರಿಹೋದೀತು ಅಂತ ಒಬ್ಬರು ಹೇಳಿದರು. ಆರು ಸಾವಿರದಷ್ಟು ಹೋಯಿತು. ಹೆಂಚಿನ ಮೇಲಿನ ಮಳೆ ಸದ್ದು ಮಾತ್ರ ಇನ್ನೂ ಚೆನ್ನಾಗಿ ಬಂತು! ವಿಂಡೋವನ್ನು 0.003ಕ್ಕೆ ಇಳಿಸಿದೆ. ಬ್ಯಾಂಡು 430ರಷ್ಟಾಯಿತು, ಹಾರ್ಮೋನಿಕ್ ಮಾಯವಾಯಿತು. ಆದರೆ 'ಆ'ದ ಮೊದಲೆರಡು ಫಾರ್ಮೆಂಟ್ ಒಂದಕ್ಕೊಂದು ಅಂಟಿಕೊಂಡವು.

ಕೊನೆಗೆ ಕೆಲಸಕ್ಕೆ ಬಂದದ್ದು ನ್ಯಾರೋಬ್ಯಾಂಡು. ವಿಂಡೋ 0.03, ಬ್ಯಾಂಡು 43ರಷ್ಟು. ನನಗೆ ಬೇಕಿದ್ದದ್ದು ದನಿ ಜಾರುವ ಜಾಗ. 'ಆ' ಎಳೆಯುತ್ತಾ ಶ್ರುತಿ 260ರಿಂದ 340ಕ್ಕೆ ಹತ್ತಿತು. ಮೂರನೇ ಹಾರ್ಮೋನಿಕ್ 780ರಿಂದ 1020ಕ್ಕೆ ಏರುವ ದಾರಿಯಲ್ಲಿ 850ರ ಹತ್ತಿರ ದಟ್ಟ ಕಪ್ಪಾಗಿ, ಮುಂದೆ ತಿಳಿಯಾಯಿತು. ಐದನೆಯದು 1400ರ ಹತ್ತಿರ ಹಾಗೇ ಮಾಡಿತು. ಇನ್ನೊಂದು ಸಾಲಿನಲ್ಲಿ ಅವರು ಇನ್ನೂ ಮೇಲೆ ಹೋದರು. ಅಲ್ಲಿ 850ನ್ನು ದಾಟಿದ್ದು ಎರಡನೇ ಹಾರ್ಮೋನಿಕ್. ಕಪ್ಪಾದದ್ದು ಮತ್ತೆ ಅದೇ ಜಾಗದಲ್ಲಿ. ಹಾರ್ಮೋನಿಕ್ ಬದಲಾದರೂ ಜಾಗ ಬದಲಾಗಲಿಲ್ಲ. ಅದೇ ಫಾರ್ಮೆಂಟು.

ಅದೇ ಪದವನ್ನು ಮಾತಿನ ದನಿಯಲ್ಲೂ ಹೇಳಿಸಿದೆ. ಆಗ ಶ್ರುತಿ 200ರಷ್ಟು, 0.005 ಸಾಕು. ಮೊದಲ ಫಾರ್ಮೆಂಟ್ ಸ್ವಲ್ಪ ಕೆಳಗೆ ಬಂತು. ಹಾಡುವಾಗ ಬಾಯಿ ಜಾಸ್ತಿ ತೆರೆಯುತ್ತಾರೆ, ಅದಕ್ಕೇ ಇರಬೇಕು.

ನಡುವೆ ಸುಮ್ನೆ ವಿಂಡೋ 0.1 ಮಾಡಿ ನೋಡಿದೆ. 50, 100, 150ರಲ್ಲಿ ಅಲುಗದ ಗೆರೆಗಳು. ಅದು ಮನೆಯ ಕರೆಂಟಿನ ಗುಂಯ್‌ಗುಡುವ ಸದ್ದು. ಕಿವಿಗೆ ಕೇಳಿಸಿರಲೇ ಇಲ್ಲ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿದ ಮೇಲೆ ಹೋಯಿತು.

'ಈ' ಮಾತ್ರ ಬಗ್ಗಲಿಲ್ಲ. ಅದರ ಮೊದಲ ಫಾರ್ಮೆಂಟ್ 350ರ ಹತ್ತಿರ. ಶ್ರುತಿ ಅದನ್ನು ದಾಟಿದರೆ ಅಲ್ಲಿ ಕಪ್ಪಾಗಲು ಹಾರ್ಮೋನಿಕ್ಕೇ ಇರೋದಿಲ್ಲ. ಆ ಸಾಲುಗಳನ್ನು ಬಿಟ್ಟೆ. ಇನ್ನು ಅಜ್ಜಿಯಿಂದ ನನಗೆ ಬೇಕಾದಷ್ಟೇ ಜಾರು ಹಾಡಿಸಿದ್ದು ಹೇಗೆ ಅಂತ ಕೇಳಬೇಡಿ, ಅದನ್ನು ಇಲ್ಲಿ ಬರೆಯೋದಿಲ್ಲ.